ಕೀ: ಕಪ್ಪು ಮಸಿಯ ಇನ್ನೊಂದು ಹೆಸರು

ಸಿ, ಎಂ, ವೈ ಆದ ಮೇಲೆ ಬರುವ ಕೆ ಅಂದರೆ ಬ್ಲ್ಯಾಕಿನ ಕೊನೆಯಕ್ಷರ ಎಂದೇ ಹಲವರು ತಿಳಿದಿದ್ದಾರೆ. ಅದು ‘ಕೀ’. ಚಿತ್ರದ ಗೆರೆ, ವಿವರಗಳನ್ನು ಹೊತ್ತ ಮುಖ್ಯ ಪ್ಲೇಟಿಗೆ ಆ ಹೆಸರು. ಉಳಿದ ಬಣ್ಣಗಳನ್ನು ಅದಕ್ಕೆ ಹೊಂದಿಸಿ ಕೂರಿಸುತ್ತಾರೆ. ನಮ್ಮ ಹಳೆಯ ‘ಮಸಿ’ಗೆ ಈ ತಲೆನೋವು ಇರಲಿಲ್ಲ, ಅದು ಒಂದೇ ಕಪ್ಪು.

ಗೌನಿಪಲ್ಲಿಯ ಒಂದು ಮದುವೆ ಪತ್ರಿಕೆ ಎಂದುಕೊಳ್ಳಿ. ಪರದೆಯ ಕಪ್ಪನ್ನು, ಅಂದರೆ ಆರ್‌ಜಿಬಿ 0,0,0 ಅನ್ನು, ಫೋಟೊಶಾಪ್ ಮುದ್ರಣಕ್ಕೆ ಬದಲಿಸಿದಾಗ ಅದು ಸುಮಾರು ಸಿ 75, ಎಂ 68, ವೈ 67, ಕೆ 90 ಆಗಬಹುದು. ಇದೇ ರಿಚ್ ಬ್ಲ್ಯಾಕ್. ದಪ್ಪ ತಲೆಬರಹಕ್ಕೆ ಇಂಥ ಬೆರಕೆ ಚೆನ್ನ. ಆದರೆ 8 ಪಾಯಿಂಟಿನ ‘ಗೌನಿಪಲ್ಲಿ’ಯಲ್ಲಿ ನಾಲ್ಕು ಪ್ಲೇಟುಗಳು ಕೂದಲೆಳೆಯಷ್ಟು ಸರಿದರೂ ಲ-ಒತ್ತಿನ ಸುತ್ತ ಕೆಂಪು, ನೀಲಿ ಅಂಚು ಇಣುಕುತ್ತದೆ. ಪುಟ್ಟ ಒತ್ತಕ್ಷರವಿರುವ ನಮ್ಮ ಲಿಪಿಗೆ ಇದು ತುಸು ಹೆಚ್ಚೇ ಕಾಡುತ್ತದೆ.

ಸಣ್ಣ ಅಕ್ಷರಕ್ಕೆ 0,0,0,100 ಸಾಕು: ಒಂದೇ ಪ್ಲೇಟು, ಸರಿಯಲು ಜೊತೆಗಾರರೇ ಇಲ್ಲ. ಅನುಮಾನವಿದ್ದರೆ ಅಕ್ರೊಬ್ಯಾಟ್ ಪ್ರೊದ Output Preview ತೆರೆದು Black ಗುರುತು ತೆಗೆಯಿರಿ. ಅಕ್ಷರ ಮಾಯವಾದರೆ ಬರಿಯ ಕಪ್ಪು. ಮಂಕಾಗಿ ಉಳಿದರೆ ಬೆರಕೆ.