ತ್ರಿಕೋನಾಸನದ ಚಿತ್ರವನ್ನು ಓದುವ ಬಗೆ: ಮೈಸೂರು ಅರಮನೆಯಿಂದ ನೆಲ್ಯಾಡಿಯ ಜಗಲಿಯವರೆಗೆ

ಪ್ರತಿ ವರ್ಷ ಜೂನ್ 21 ಬಂತೆಂದರೆ ನೆಲ್ಯಾಡಿ, ಕಡಬ, ಸುಳ್ಯದ ಕಡೆ ಮಳೆ ಹಿಡಿದಿರುತ್ತದೆ. ಅಂಗಳ ಒದ್ದೆಯಾಗಿರುವುದರಿಂದ ಶಾಲೆಗಳ ಯೋಗ ದಿನಾಚರಣೆ ಜಗಲಿಗೋ ಸಭಾಭವನಕ್ಕೋ ಸರಿಯುತ್ತದೆ. ಮಕ್ಕಳು ಸಾಲಾಗಿ ನಿಂತು ಆಸನ ಮಾಡುತ್ತಾರೆ, ಒಬ್ಬರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ. 2015ರಲ್ಲಿ ಅಂತರರಾಷ್ಟ್ರೀಯ ಯೋಗ ದಿನ ಆರಂಭವಾದ ಮೇಲೆ ಇಂಥ ಚಿತ್ರಗಳು ಎಲ್ಲ ಊರುಗಳಲ್ಲೂ ರಾಶಿ ಬಿದ್ದಿವೆ. ಆದರೆ ಒಂದು ಚಿತ್ರವನ್ನು ಮುಂದಿಟ್ಟುಕೊಂಡು ಈ ದೇಹ ಹೇಗೆ ನಿಂತಿದೆ, ಎಲ್ಲಿ ತಪ್ಪಿದೆ ಎಂದು ಕ್ರಮವಾಗಿ ಹೇಳುವುದು ಬೇರೆಯೇ ವಿದ್ಯೆ. ಅದಕ್ಕೆ ಸುಮಾರು ನೂರು ವರ್ಷಗಳ ಚರಿತ್ರೆಯಿದೆ, ಮತ್ತು ಅದರ ಮುಖ್ಯ ಭಾಗ ನಡೆದದ್ದು ಕರ್ನಾಟಕದಲ್ಲಿ, ಇಲ್ಲವೇ ಇಲ್ಲಿಂದ ಹೊರಟವರ ಕೈಯಲ್ಲಿ.

ಹೆಸರಿನಿಂದ ಹೆಜ್ಜೆಗೆ

ಹಠಯೋಗಪ್ರದೀಪಿಕೆಯಲ್ಲಿ 15 ಆಸನಗಳಿವೆ, ಘೇರಂಡಸಂಹಿತೆಯಲ್ಲಿ 32. ಯಾವ ಅಂಗವನ್ನು ಎಲ್ಲಿಡಬೇಕೆಂದು ಒಂದೆರಡು ಶ್ಲೋಕಗಳಲ್ಲಿ ಹೇಳಿ ಅವು ಮುಂದಕ್ಕೆ ಹೋಗುತ್ತವೆ. ಉಳಿದದ್ದು ಗುರುವಿನ ಕಣ್ಣಿಗೆ ಬಿಟ್ಟದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಸಿದ್ಧಪಡಿಸಿದ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ 122 ಆಸನಗಳ ವರ್ಣಚಿತ್ರಗಳಿವೆ. ಹಗ್ಗ ಹಿಡಿದು ಮಾಡುವ ಆಸನಗಳೂ ಅವುಗಳಲ್ಲಿ ಸೇರಿವೆ. ಆಸನದ ಆಕಾರ ನಮ್ಮ ನಾಡಿನಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಕಣ್ಣಿಗೆ ಕಂಡದ್ದು ಅಲ್ಲಿ. ಆದರೆ ಚಿತ್ರಕಾರ ಬರೆದದ್ದು ಆದರ್ಶ ರೂಪ. ಬಿಡಿಸಿದ ಚಿತ್ರದಲ್ಲಿ ಮಂಡಿ ಒಳಕ್ಕೆ ಹೊರಳುವುದಿಲ್ಲ, ಬೆನ್ನು ಕುಸಿಯುವುದಿಲ್ಲ. ದೋಷದ ಮಾತು ಅಲ್ಲಿ ಹುಟ್ಟುವಂತೆಯೇ ಇರಲಿಲ್ಲ.

ಆ ಮಾತು ಹುಟ್ಟಲು ಕ್ಯಾಮೆರಾ ಬರಬೇಕಾಯಿತು. ಸ್ವಾಮಿ ಕುವಲಯಾನಂದರು ಲೋಣಾವಳದ ಕೈವಲ್ಯಧಾಮದಿಂದ 1924ರಲ್ಲಿ ‘ಯೋಗಮೀಮಾಂಸಾ’ ಪತ್ರಿಕೆಯನ್ನು ಆರಂಭಿಸಿ, ಛಾಯಾಚಿತ್ರಗಳ ಜೊತೆ ಎಕ್ಸ್-ರೇಯನ್ನೂ ಬಳಸಿದರು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. 1934ರಲ್ಲಿ ಅವರು ಕನ್ನಡದಲ್ಲಿ ಬರೆದ ‘ಯೋಗಮಕರಂದ’ ಹೊರಬಂತು. ಅದರ ಛಾಯಾಚಿತ್ರಗಳಲ್ಲಿ ಸ್ವತಃ ಕೃಷ್ಣಮಾಚಾರ್ಯರೂ ಶಿಷ್ಯರೂ ಕಾಣಿಸಿಕೊಂಡರು. ಆಸನಕ್ಕೆ ಎಷ್ಟು ವಿನ್ಯಾಸ, ಯಾವ ಹಂತದಲ್ಲಿ ಉಸಿರು ಎಳೆಯಬೇಕು, ಯಾವುದರಲ್ಲಿ ಬಿಡಬೇಕು ಎಂಬ ವಿವರ ಚಿತ್ರದ ಪಕ್ಕಕ್ಕೆ ಬಂತು. ಹೆಸರು ಮತ್ತು ಆಕಾರದ ವರ್ಣನೆ ಹೆಜ್ಜೆಗಳ ವರ್ಣನೆಯಾಗಿ ಬದಲಾದದ್ದು ಹೀಗೆ.

ಒಂದೇ ಆಸನ, ಮೂರು ಅಳತೆ

ಆ ಯೋಗಶಾಲೆಯಲ್ಲಿ ಕಲಿತ ಇಬ್ಬರು ಈ ವರ್ಣನೆಯನ್ನು ಎರಡು ದಿಕ್ಕಿಗೆ ಒಯ್ದರು. ಕೋಲಾರದ ಕಡೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ 1937ರಲ್ಲಿ ಪುಣೆಗೆ ಹೋದರು. 1966ರ ಅವರ ‘ಲೈಟ್ ಆನ್ ಯೋಗ’ ಸುಮಾರು ಆರುನೂರು ಛಾಯಾಚಿತ್ರಗಳೊಂದಿಗೆ ಬಂತು. ಹಾಸನ ಜಿಲ್ಲೆಯ ಕೌಶಿಕದವರಾದ ಕೆ. ಪಟ್ಟಾಭಿ ಜೋಯಿಸರು ಮೈಸೂರಿನಲ್ಲೇ ಉಳಿದು, 1962ರಲ್ಲಿ ಕನ್ನಡದಲ್ಲಿ ‘ಯೋಗಮಾಲಾ’ ಪ್ರಕಟಿಸಿದರು.

ಇಬ್ಬರ ದಾರಿಯಲ್ಲೂ ಸಿಗುವ ಆಸನ ಉತ್ಥಿತ ತ್ರಿಕೋನಾಸನ. ಶಾಲೆಯ ಮಕ್ಕಳು ಮಾಡುವುದೂ ಹೆಚ್ಚಾಗಿ ಇದನ್ನೇ. ಅಯ್ಯಂಗಾರರ ಪುಸ್ತಕದ ಪ್ರಕಾರ ಕಾಲುಗಳ ನಡುವೆ 3ರಿಂದ 3½ ಅಡಿ ಅಂತರವಿರಬೇಕು. ಬಲಪಾದ 90 ಡಿಗ್ರಿ ಬಲಕ್ಕೆ ತಿರುಗಬೇಕು, ಎಡಪಾದ ಸ್ವಲ್ಪ ಮಾತ್ರ. ಬಲ ಅಂಗೈ ಬಲಪಾದದ ಗಂಟಿನ ಬಳಿ ಇಳಿಯುತ್ತದೆ, ಎಡಗೈ ಬಲಭುಜದ ನೇರದಲ್ಲಿ ಮೇಲೇರುತ್ತದೆ. ಕಾಲುಗಳ ಹಿಂಭಾಗ, ಎದೆಯ ಹಿಂಭಾಗ, ಸೊಂಟ ಮೂರೂ ಒಂದು ಸಾಲಿನಲ್ಲಿರಬೇಕು. ಜೋಯಿಸರ ಕ್ರಮದಲ್ಲಿ ಬಲಗೈ ಕಾಲಿನ ಹೆಬ್ಬೆರಳನ್ನು ಹಿಡಿಯುತ್ತದೆ. ಆಯುಷ್ ಸಚಿವಾಲಯವು ಯೋಗ ದಿನಕ್ಕಾಗಿ ರೂಪಿಸಿದ ಸಾಮಾನ್ಯ ಯೋಗ ಶಿಷ್ಟಾಚಾರದಲ್ಲಿ ಬಲಗೈ ಬಲಪಾದದ ಹಿಂದೆ ಇರುತ್ತದೆ.

ಹಾಗಾಗಿ ಹೆಬ್ಬೆರಳು ಹಿಡಿದ ಕೈಯನ್ನು ನೋಡಿ ‘ಕೈ ತಪ್ಪಿದೆ’ ಎಂದು ಬರೆದರೆ ತಪ್ಪು ಬರೆದವರದ್ದಾದೀತು. ಚಿತ್ರದ ಬಗ್ಗೆ ಬರೆಯುವ ಮೊದಲು ಯಾವ ಪದ್ಧತಿಯ ಅಳತೆಯಲ್ಲಿ ನೋಡುತ್ತಿದ್ದೇವೆ ಎಂದು ಹೇಳಿಕೊಳ್ಳಬೇಕು. ಕೈಯ ಜಾಗದ ವಿಷಯದಲ್ಲಿ ಪದ್ಧತಿಗಳು ಬೇರೆಯಾಗುತ್ತವೆ. ಆದರೆ ಮಂಡಿ ಹೊರಳಬಾರದು, ಮುಂಡ ನೆಲದ ಕಡೆ ಮಗುಚಬಾರದು ಎಂಬುದರಲ್ಲಿ ಅವು ಬಹುಮಟ್ಟಿಗೆ ಒಂದೇ. ಗಟ್ಟಿಯಾಗಿ ‘ದೋಷ’ ಎನ್ನಬಹುದಾದದ್ದು ಈ ಎರಡನೆಯ ಗುಂಪಿನದ್ದು.

ಅಯ್ಯಂಗಾರರ ಪುಸ್ತಕ ಹಂತಗಳನ್ನು ಹೇಳಿ ಮುಗಿಸಲಿಲ್ಲ. ಅಂಗಕ್ಕೂ ಅಂಗಕ್ಕೂ ಇರುವ ಸಂಬಂಧವನ್ನೂ ಹೇಳಿತು. ಅಲೈನ್‌ಮೆಂಟ್ ಎಂಬ ಮಾತು ಯೋಗ ತರಗತಿಗಳಲ್ಲಿ ನೆಲೆಯೂರಿದ್ದಕ್ಕೆ ಇದು ದೊಡ್ಡ ಕಾರಣ. ಆದರೂ ಒಂದು ಕೊರತೆ ಉಳಿದಿತ್ತು. ಎದುರಿನಿಂದ ತೆಗೆದ ಒಂದು ಚಿತ್ರದಲ್ಲಿ ಮೂರೂ ಭಾಗಗಳು ಒಂದೇ ಸಾಲಿನಲ್ಲಿವೆಯೇ ಎಂಬುದು ಕಾಣುವುದಿಲ್ಲ, ಏಕೆಂದರೆ ಹಿಂದುಮುಂದಿನ ಆಳವನ್ನು ಚಿತ್ರ ಚಪ್ಪಟೆ ಮಾಡುತ್ತದೆ. 2001ರಲ್ಲಿ ಬಂದ ಅವರ ‘ಯೋಗ: ದಿ ಪಾಥ್ ಟು ಹೋಲಿಸ್ಟಿಕ್ ಹೆಲ್ತ್’ ಪುಸ್ತಕದಲ್ಲಿ ಮುಖ್ಯ ಆಸನಗಳನ್ನು ಸುತ್ತಲಿನಿಂದಲೂ ತೆಗೆದು ತೋರಿಸಲಾಯಿತು. ಒಂದು ಕೋನ ಸಾಲದು ಎಂಬ ಅರಿವು ಪುಸ್ತಕದ ರೂಪವನ್ನೇ ಬದಲಿಸಿತು.

ಮೊದಲು ಕ್ಯಾಮೆರಾ, ಆಮೇಲೆ ದೇಹ

ಈಗ ಒಂದು ಚಿತ್ರವನ್ನು ಕಲ್ಪಿಸಿಕೊಂಡು ಓದೋಣ. ನೆಲ್ಯಾಡಿಯ ಒಂದು ಪ್ರೌಢಶಾಲೆಯ ಜಗಲಿ. ನೆಲಕ್ಕೆ ಟೈಲ್ಸ್, ಹಿಂದೆ ಚೌಕದ ಕಂಬ. ಒಂಬತ್ತನೆಯ ತರಗತಿಯ ಹುಡುಗಿ ನಮ್ಮ ಕಡೆ ಮುಖ ಮಾಡಿ ನಿಂತು ಬಲಕ್ಕೆ ತ್ರಿಕೋನಾಸನ ಮಾಡಿದ್ದಾಳೆ. ಬಲ ಅಂಗೈ ನೆಲ ಮುಟ್ಟಿದೆ.

ದೇಹಕ್ಕಿಂತ ಮುಂಚೆ ಟೈಲ್ಸಿನ ಗೆರೆ ಮತ್ತು ಕಂಬವನ್ನು ನೋಡಬೇಕು. ಪಾದಗಳ ಕೆಳಗಿನ ಗೆರೆ ಅಡ್ಡಡ್ಡಕ್ಕೆ ನೇರವಾಗಿ, ಕಂಬ ಲಂಬವಾಗಿ ಕಂಡರೆ ಚಿತ್ರವನ್ನು ಎದುರಿನಿಂದಲೇ ತೆಗೆದಿದ್ದಾರೆ. ಗೆರೆ ಓರೆಯಾಗಿದ್ದು ಒಂದು ಪಾದ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ ಕ್ಯಾಮೆರಾ ಪಕ್ಕಕ್ಕೆ ಸರಿದಿದೆ. ಆಗ 90 ಡಿಗ್ರಿ ತಿರುಗಿದ ಪಾದವೂ ಕಡಿಮೆ ತಿರುಗಿದಂತೆ ಕಾಣುತ್ತದೆ. ನಿಂತವರ ಕಣ್ಣಿನ ಎತ್ತರದಿಂದ ಕೆಳಕ್ಕೆ ಬಾಗಿಸಿ ತೆಗೆದರೆ ಕಾಲು ಗಿಡ್ಡವಾಗುತ್ತದೆ. ತುಂಬ ಹತ್ತಿರದಿಂದ ವೈಡ್ ಲೆನ್ಸಿನಲ್ಲಿ ತೆಗೆದರೆ ಚೌಕಟ್ಟಿನ ಅಂಚಿಗೆ ಬಂದ ಕೈ ಮತ್ತು ಪಾದ ಎಳೆದಂತೆ ಉದ್ದವಾಗುತ್ತವೆ. ಲೆನ್ಸು ಸೊಂಟದ ಎತ್ತರದಲ್ಲಿದ್ದು, ಹತ್ತು ಹನ್ನೆರಡು ಅಡಿ ದೂರವಿದ್ದು, ಹುಡುಗಿ ಚೌಕಟ್ಟಿನ ನಡುವೆ ಬಂದರೆ ಇವು ಬಹುಪಾಲು ತಪ್ಪುತ್ತವೆ. ನಮ್ಮ ಚಿತ್ರದಲ್ಲಿ ಗೆರೆ ನೇರವಿದೆ ಎಂದಿಟ್ಟುಕೊಂಡು ಮುಂದಕ್ಕೆ ಹೋಗೋಣ.

ನೆಲದಿಂದ ಮೇಲಕ್ಕೆ

ಓದುವಿಕೆ ಪಾದದಿಂದ ಆರಂಭವಾಗಬೇಕು. ನಿಂತು ಮಾಡುವ ಆಸನದಲ್ಲಿ ಮೇಲಿನ ದೋಷ ಹಲವು ಸಲ ಕೆಳಗಿನದರ ಫಲವಾಗಿರುತ್ತದೆ. ಹುಡುಗಿಯ ಎಡಪಾದದ ಹೊರ ಅಂಚಿನ ಕೆಳಗೆ ಸಣ್ಣ ಸಂದು ಕಾಣುತ್ತದೆ. ಭಾರ ಒಳಗಿನ ಕಮಾನಿನ ಮೇಲೆ ಬಿದ್ದಿದೆ ಎಂಬುದಕ್ಕೆ ಅದು ಗುರುತು. ಬಲಪಾದ ಸರಿಯಾಗಿ ಪಕ್ಕಕ್ಕೆ ತಿರುಗಿದೆ.

ಮುಂದಿನದು ಬಲಮಂಡಿ. ಪಾದ ಪಕ್ಕಕ್ಕೆ ತಿರುಗಿರುವುದರಿಂದ ಮಂಡಿಚಿಪ್ಪೂ ಅದೇ ದಿಕ್ಕಿಗೆ ನೋಡಬೇಕು, ಅಂದರೆ ನಮಗೆ ಅದರ ಪಕ್ಕದ ನೋಟವಷ್ಟೇ ಸಿಗಬೇಕು. ಈ ಚಿತ್ರದಲ್ಲಿ ಚಿಪ್ಪು ಪೂರ್ತಿಯಾಗಿ ಕ್ಯಾಮೆರಾದ ಕಡೆ ನೋಡುತ್ತಿದೆ. ಪಾದ ತಿರುಗಿದೆ, ತೊಡೆ ತಿರುಗಿಲ್ಲ. ಆ ತಿರುಚನ್ನು ನಡುವಿನ ಮಂಡಿ ತಾಳಿಕೊಳ್ಳಬೇಕಾಗಿದೆ. ತ್ರಿಕೋನಾಸನದಲ್ಲಿ ಮೊದಲು ಸರಿಪಡಿಸಬೇಕಾದ ದೋಷ ಇದು. ಚಿಪ್ಪು ಪಾದದ ದಿಕ್ಕಿಗೆ ತಿರುಗಿದ ಚಿತ್ರದಲ್ಲಾದರೆ ಇದೇ ಮಂಡಿಯಲ್ಲಿ ಇನ್ನೊಂದನ್ನೂ ಪರೀಕ್ಷಿಸಬಹುದು. ತೊಡೆಯ ಮೇಲ್ತುದಿಯಿಂದ ಪಾದದ ಗಂಟಿನವರೆಗೆ ಒಂದು ಅಳತೆಪಟ್ಟಿ ಇಟ್ಟಾಗ ಮಂಡಿ ಆ ಗೆರೆಯಿಂದ ಎಡಗಾಲಿನ ಕಡೆಗೆ ಕುಸಿದಿದ್ದರೆ, ಕೀಲು ಅತಿಯಾಗಿ ಹಿಂದಕ್ಕೆ ಲಾಕ್ ಆಗಿದೆ ಎಂದರ್ಥ. ಮೈ ಸಡಿಲವಿರುವ ಮಕ್ಕಳಲ್ಲಿ ಇದು ಸಾಮಾನ್ಯ, ಮತ್ತು ನೋಡಲು ಅಂದವಾಗಿರುವುದರಿಂದ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ.

ನಂತರ ಮುಂಡದ ಎರಡು ಬದಿಗಳು. ಬಲ ಪಕ್ಕೆ ಮೊಟಕಾಗಿ ಬಟ್ಟೆ ಅಲ್ಲಿ ಮಡಿಕೆ ಬಿದ್ದಿದೆ, ಎಡ ಪಕ್ಕೆ ಬಿಲ್ಲಿನಂತೆ ಉಬ್ಬಿದೆ. ಬಾಗುವಿಕೆ ತೊಡೆಸಂದಿನಿಂದ ಬಾರದೆ ಸೊಂಟದ ಮೇಲಿನಿಂದ ಬಂದಿದೆ. ಎದೆಯ ನಡುಮೂಳೆ ನೆಲದ ಕಡೆ ತಿರುಗಿದೆ, ಎಡಭುಜ ಮುಂದಕ್ಕೆ ಬಂದು ಕತ್ತನ್ನು ಅರ್ಧ ಮರೆಮಾಡಿದೆ. ಎಡಗೈ ಲಂಬವಾಗಿದ್ದರೂ ಅದು ಭುಜದ ಕೀಲನ್ನು ಹಿಂದಕ್ಕೆ ಎಳೆದು ಗಳಿಸಿದ ಲಂಬ.

ಇವೆಲ್ಲಕ್ಕೂ ಮೂಲ ನೆಲ ಮುಟ್ಟಿದ ಆ ಬಲಗೈ. ಅಷ್ಟು ಕೆಳಗೆ ಹೋಗುವಷ್ಟು ತೊಡೆಯ ಹಿಂಭಾಗದ ಸ್ನಾಯುಗಳು ಬಿಟ್ಟುಕೊಡದಿದ್ದಾಗ ದೇಹ ಬೇರೆ ಕಡೆಯಿಂದ ಉದ್ದವನ್ನು ಸಾಲ ತರುತ್ತದೆ: ತೊಡೆ ಒಳಕ್ಕೆ ಹೊರಳುತ್ತದೆ, ಪಕ್ಕೆ ಮುದುಡುತ್ತದೆ, ಎದೆ ಮಗುಚುತ್ತದೆ. ಪರೀಕ್ಷೆ ಸುಲಭ. ಕೈಯನ್ನು ಮಂಡಿಯ ಕೆಳಗೆ ಮುಂಗಾಲಿನ ಮೇಲಿಟ್ಟೋ ಒಂದು ಮರದ ತುಂಡಿನ ಮೇಲಿಟ್ಟೋ ಅದೇ ಜಾಗದಿಂದ ಇನ್ನೊಂದು ಚಿತ್ರ ತೆಗೆಯಬೇಕು. ಪಕ್ಕೆ ಉದ್ದವಾಗಿ ಎದೆ ತೆರೆದರೆ ನಮ್ಮ ಓದು ಸರಿ. ಮಂಡಿಚಿಪ್ಪು ಆಗಲೂ ನಮ್ಮ ಕಡೆಯೇ ನೋಡುತ್ತಿದ್ದರೆ ಕಾರಣವನ್ನು ಕೈಯಲ್ಲಿ ಹುಡುಕಬಾರದು, ತೊಡೆಯ ಕೀಲಿನಲ್ಲಿ ಹುಡುಕಬೇಕು. ಸಾಮಾನ್ಯ ಯೋಗ ಶಿಷ್ಟಾಚಾರವೂ ಪಾದ ಎಟುಕದವರು ಮಂಡಿಯವರೆಗೆ ಹೋದರೆ ಸಾಕೆನ್ನುತ್ತದೆ.

ಚಿತ್ರ ಹೇಳದ ಸಂಗತಿಗಳು

ಸೊಂಟ ಹಿಂದಕ್ಕೆ ತಳ್ಳಿದೆಯೇ ಎಂಬುದು ಎದುರಿನ ಚಿತ್ರದಲ್ಲಿ ಖಚಿತವಾಗದು. ಅದಕ್ಕೆ ಹುಡುಗಿಯ ತಲೆಯ ಕಡೆಯಿಂದ, ಕಾಲುಗಳ ಸಾಲಿನ ನೇರಕ್ಕೆ ನಿಂತು ತೆಗೆದ ಇನ್ನೊಂದು ಚಿತ್ರ ಬೇಕು. ಗೋಡೆಗೆ ಬೆನ್ನು ಕೊಟ್ಟು ಮಾಡಿಸುವ ಅಯ್ಯಂಗಾರ್ ಪದ್ಧತಿಯ ಅಭ್ಯಾಸ ಇದೇ ದೋಷವನ್ನು ದೇಹಕ್ಕೆ ಗೊತ್ತುಮಾಡಿಸುತ್ತದೆ. ಉಸಿರು ಕಟ್ಟಿದೆಯೇ, ನೋವಿದೆಯೇ ಎಂಬುದು ಯಾವ ಕೋನದಿಂದಲೂ ಕಾಣದು. ತೊಡೆಯ ಕೀಲಿನ ಗುಣಿಯ ಆಳ ಮತ್ತು ದಿಕ್ಕು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಮೂಳೆ ಒಪ್ಪದ ತಿರುವನ್ನು ದೋಷವೆಂದು ಬರೆದು ಮಗುವನ್ನು ಬಲವಂತಪಡಿಸಬಾರದು.

ಈ ಎಚ್ಚರ ಈಗ ಹಿಂದಿಗಿಂತ ಹೆಚ್ಚು ಬೇಕಾಗಿದೆ. 2020ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಯೋಗಾಸನವನ್ನು ಸ್ಪರ್ಧಾತ್ಮಕ ಕ್ರೀಡೆಯಾಗಿ ಮಾನ್ಯ ಮಾಡಿತು. ಸ್ಪರ್ಧೆಗೆ ತಯಾರಾಗುವ ಮಕ್ಕಳು ಅಂತಿಮ ಆಕಾರದ ಚಿತ್ರವನ್ನೇ ಗುರಿಯಾಗಿಸಿಕೊಳ್ಳುವುದು ಸಹಜ. ಇನ್ನೊಂದು ಕಡೆ ದೇಹವಿಜ್ಞಾನದೊಂದಿಗೆ ಆಸನವನ್ನು ಕಲಿಸುವ ಶಿಕ್ಷಣವೂ ನಮ್ಮ ಜಿಲ್ಲೆಯಲ್ಲಿ ಬೇರೂರಿದೆ. ನೆಲ್ಯಾಡಿಯಿಂದ ಕೊಕ್ಕಡ, ಧರ್ಮಸ್ಥಳ ದಾಟಿ ಹೋದರೆ ಸಿಗುವ ಉಜಿರೆಯಲ್ಲಿ 1989ರಿಂದ ಎಸ್‌ಡಿಎಂ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜಿದೆ. ಮಂಗಳೂರು ವಿಶ್ವವಿದ್ಯಾನಿಲಯದಲ್ಲೂ ಯೋಗವಿಜ್ಞಾನ ವಿಭಾಗವಿದೆ.

ನಮ್ಮ ಚಿತ್ರದ ವರ್ಣನೆಯನ್ನು ಕೊನೆಗೆ ಹೀಗೆ ಬರೆಯಬಹುದು: ‘ಉತ್ಥಿತ ತ್ರಿಕೋನಾಸನ, ಬಲಕ್ಕೆ, ಎದುರಿನ ನೋಟ, ಅಯ್ಯಂಗಾರ್ ಪದ್ಧತಿಯ ಅಳತೆಯಲ್ಲಿ ನೋಡಿದ್ದು. ಬಲಪಾದ ಸರಿಯಾಗಿ ತಿರುಗಿದೆ, ಬಲಮಂಡಿಚಿಪ್ಪು ಕ್ಯಾಮೆರಾದ ಕಡೆಗಿದೆ. ಎಡಪಾದದ ಹೊರ ಅಂಚು ಎದ್ದಿದೆ. ಬಲ ಪಕ್ಕೆ ಮೊಟಕಾಗಿದೆ, ಎದೆ ನೆಲದ ಕಡೆಗಿದೆ. ಕೈ ಶಕ್ತಿಮೀರಿ ಕೆಳಗೆ ಹೋಗಿರುವುದು ಕಾರಣವಿರಬಹುದು. ಸಲಹೆ: ಕೈ ಮುಂಗಾಲಿಗೆ, ಬಲತೊಡೆಯನ್ನು ಹೊರಕ್ಕೆ ತಿರುಗಿಸಿ ಮಂಡಿಯನ್ನು ಕಾಲ್ಬೆರಳುಗಳ ದಿಕ್ಕಿಗೆ ತರುವುದು. ಸೊಂಟದ ಸ್ಥಾನಕ್ಕೆ ಪಕ್ಕದ ಚಿತ್ರ ಬೇಕು.’ ಇದರಲ್ಲಿ ಕಂಡದ್ದು, ಊಹಿಸಿದ್ದು, ಕಾಣದ್ದು ಮೂರೂ ಬೇರೆ ಬೇರೆಯಾಗಿ ನಿಂತಿವೆ. ಅಂಥ ಟಿಪ್ಪಣಿ ಕೈಗೆ ಬಂದರೆ ಹುಡುಗಿಗೂ ಅವಳ ಶಿಕ್ಷಕರಿಗೂ ಮುಂದಿನ ಅಭ್ಯಾಸವನ್ನು ಎಲ್ಲಿಂದ ಆರಂಭಿಸಬೇಕೆಂದು ತಿಳಿಯುತ್ತದೆ.