ಶೇಷವನ್ನು ಬಿಡದ ಭಾಗಾಕಾರ: ಶಾಲೆಯ ಅಂಕಗಣಿತದಿಂದ ಮಿತಿಯ ಕಡೆಗೆ ಒಂದು ಟಿಪ್ಪಣಿ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರುವ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಟಿಪ್ಪಣಿ ಬರೆಯುತ್ತಿದ್ದೇನೆ. ಮೊದಲ ವರ್ಷದಲ್ಲೇ ಅವರಿಗೆ 'ಮಿತಿ' ಎದುರಾಗುತ್ತದೆ. ಅಲ್ಲಿ ತೊಡಕಾಗುವುದಕ್ಕೆ ಇಂಗ್ಲಿಷ್ ಪುಸ್ತಕವೊಂದೇ ಕಾರಣವೆಂದು ಹೇಳುವವರಿದ್ದಾರೆ. ನನಗೆ ಕಾಣುವಂತೆ ತೊಡಕಿನ ಬೇರು ಇನ್ನೂ ಕೆಳಗಿದೆ, ಐದನೇ ತರಗತಿಯ ಭಾಗಾಕಾರದಲ್ಲಿ. 1ನ್ನು 3ರಿಂದ ಭಾಗಿಸುವಾಗ 0.33 ಬರೆದು ನಾವು ಕೈಬಿಡುವ ಶೇಷವೊಂದಿದೆಯಲ್ಲ, ಮಿತಿಯ ವಿಚಾರವೆಲ್ಲ ಅದರಲ್ಲೇ ಅಡಗಿದೆ. ಶೇಷವನ್ನು ಬಿಡದೆ ಬರೆಯುವ ಅಭ್ಯಾಸವಾದರೆ ಮಿತಿಯ ಅರ್ಧ ದಾರಿ ಸವೆದಂತೆ.

ಒಂದು ಕ್ವಿಂಟಲ್ ಅಡಿಕೆಯನ್ನು ಮೂವರು ಅಣ್ಣತಮ್ಮಂದಿರು ಸಮನಾಗಿ ಹಂಚಿಕೊಳ್ಳಬೇಕು ಎಂದುಕೊಳ್ಳೋಣ. ಚನ್ನಗಿರಿ ಸೀಮೆಯಲ್ಲಿ ಈ ಲೆಕ್ಕಕ್ಕೆ ವಿವರಣೆ ಬೇಕಿಲ್ಲ. ತಲಾ 33 ಕೆ.ಜಿ. ಕೊಟ್ಟರೆ ರಾಶಿಯಲ್ಲಿ 1 ಕೆ.ಜಿ. ಉಳಿಯುತ್ತದೆ. 33.3 ಕೆ.ಜಿ. ಕೊಟ್ಟರೆ 100 ಗ್ರಾಂ, 33.33 ಕೊಟ್ಟರೆ 10 ಗ್ರಾಂ, 33.333 ಕೊಟ್ಟರೆ 1 ಗ್ರಾಂ ಉಳಿಯುತ್ತದೆ. ಪ್ರತಿ ಹೆಜ್ಜೆಗೂ ಉಳಿಕೆ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ, ಸೊನ್ನೆಯಂತೂ ಆಗುವುದಿಲ್ಲ. ಇಲ್ಲಿ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ 'ಯಾವಾಗ ಮುಗಿಯುತ್ತದೆ' ಎಂಬುದಲ್ಲ, ಅದು ಮುಗಿಯುವುದೇ ಇಲ್ಲ. ಕೇಳಬೇಕಾದದ್ದು ಬೇರೆ: ನನ್ನ ತಕ್ಕಡಿ 5 ಗ್ರಾಂಗಿಂತ ಕಡಿಮೆಯನ್ನು ತೋರಿಸದು ಎಂದಾದರೆ, ಎಷ್ಟನೇ ಹೆಜ್ಜೆಯಿಂದ ಮುಂದೆ ಉಳಿಕೆ ಅದರ ಕಣ್ಣಿಗೆ ಬೀಳುವುದಿಲ್ಲ? 33.333 ಎಂಬಲ್ಲಿಂದ. ಒಡವೆ ಅಂಗಡಿಯ ತಕ್ಕಡಿ ತಂದು 0.05 ಗ್ರಾಂ ಎಂದರೆ? ಇನ್ನೆರಡು ಮೂರುಗಳನ್ನು ಸೇರಿಸಿದರೆ ಉಳಿಕೆ 0.01 ಗ್ರಾಂಗೆ ಇಳಿಯುತ್ತದೆ, ಅದಕ್ಕೂ ಕಾಣದು. ಎಷ್ಟೇ ಸೂಕ್ಷ್ಮದ ತಕ್ಕಡಿ ತಂದರೂ ಅದಕ್ಕೆ ತಕ್ಕ ಒಂದು ಹೆಜ್ಜೆ ಸಿಗುತ್ತದೆ, ಆ ಹೆಜ್ಜೆಯ ಮುಂದೆ ಎಲ್ಲ ಕಡೆಯೂ ಉಳಿಕೆ ಅದಕ್ಕೆ ಕಾಣದಷ್ಟು ಚಿಕ್ಕದು. ಮಿತಿಯ ವ್ಯಾಖ್ಯೆ ಹೇಳುವುದು ಇಷ್ಟನ್ನೇ. ಇದರಲ್ಲಿ ಅನಂತದವರೆಗೆ ನಡೆದು ಹೋಗುವವರು ಯಾರೂ ಇಲ್ಲ. ಮೊದಲು ಒಬ್ಬರು ತಕ್ಕಡಿಯನ್ನು ಇಡುತ್ತಾರೆ, ಆಮೇಲೆ ಇನ್ನೊಬ್ಬರು ಹೆಜ್ಜೆಯನ್ನು ಹೇಳುತ್ತಾರೆ. ಈ ಸರದಿ ಅದಲುಬದಲಾದರೆ ವ್ಯಾಖ್ಯೆಯೇ ಕೆಡುತ್ತದೆ.

ತರಗತಿಯಲ್ಲಿ ಸಾಮಾನ್ಯವಾಗಿ ಹೇಳಿಕೊಡುವ ಮಾತು, 'ಬೆಲೆ ಮಿತಿಗೆ ಹತ್ತಿರ ಹತ್ತಿರ ಹೋಗುತ್ತದೆ, ಆದರೆ ಮುಟ್ಟುವುದಿಲ್ಲ' ಎಂದು. ಈ ವಾಕ್ಯದ ಎರಡು ಭಾಗಗಳೂ ಸಾಲವು. 0.3, 0.33, 0.333 ಎಂಬ ಸಾಲು 1/3ಕ್ಕೆ ಹತ್ತಿರವಾಗುತ್ತ ಹೋಗುತ್ತದೆ, ನಿಜ. ಆದರೆ ಅದು 1/2ಕ್ಕೂ ಹತ್ತಿರವಾಗುತ್ತಲೇ ಹೋಗುತ್ತದೆ! 0.5ರಿಂದ ಇರುವ ಅಂತರ 0.2, 0.17, 0.167 ಎಂದು ಪ್ರತಿ ಹೆಜ್ಜೆಗೂ ಕಡಿಮೆಯಾಗುತ್ತದೆ. ಹಾಗಾದರೆ 1/2 ಏಕೆ ಮಿತಿಯಲ್ಲ? ಆ ಅಂತರ 1/6ಕ್ಕಿಂತ ಕೆಳಗೆ ಎಂದೂ ಇಳಿಯುವುದಿಲ್ಲವಾದ್ದರಿಂದ. 0.1 ಎಂಬ ತಕ್ಕಡಿ ಇಟ್ಟೊಡನೆ 1/2 ಸಿಕ್ಕಿಬೀಳುತ್ತದೆ. ಇನ್ನು 'ಮುಟ್ಟುವುದಿಲ್ಲ' ಎಂಬ ಮಾತು: 5, 5, 5 ಎಂದು ಸಾಗುವ ಸಾಲಿನ ಮಿತಿ 5, ಅದು ಮೊದಲ ಹೆಜ್ಜೆಯಲ್ಲೇ ಮುಟ್ಟಿದೆ. ಮುಟ್ಟುವುದು, ಬಿಡುವುದು ಮಿತಿಗೆ ಸಂಬಂಧಿಸಿದ ಪ್ರಶ್ನೆಯೇ ಅಲ್ಲ.

ಈ ಎಚ್ಚರ ನಮ್ಮ ನಾಡಿನ ಪಕ್ಕದಲ್ಲೇ ಐದು ಶತಮಾನಗಳ ಹಿಂದೆ ಇತ್ತು. 1444ರಲ್ಲಿ ಹುಟ್ಟಿದ ಕೇರಳದ ನೀಲಕಂಠ ಸೋಮಯಾಜಿಯು ಆರ್ಯಭಟೀಯಕ್ಕೆ ಬರೆದ ಭಾಷ್ಯದಲ್ಲಿ 1/4, ಅದರ ಕಾಲು ಭಾಗ 1/16, ಅದರ ಕಾಲು ಭಾಗ 1/64 ಎಂದು ಕೂಡಿಸುತ್ತ ಹೋದರೆ 1/3 ಆಗುತ್ತದೆ ಎಂಬ ವಿಷಯ ಬರುತ್ತದೆ. ಅಲ್ಲಿ ಆತ ಎತ್ತುವ ಪ್ರಶ್ನೆಗಳು ಎರಡು: ಮೊತ್ತವು ಅಷ್ಟರವರೆಗೆ ಮಾತ್ರ ಬೆಳೆಯುತ್ತದೆ ಎಂದು ಹೇಗೆ ಗೊತ್ತು? ಅಷ್ಟರವರೆಗೆ ಬೆಳೆದೇ ಬೆಳೆಯುತ್ತದೆ ಎಂದು ಹೇಗೆ ಗೊತ್ತು? 1/2ನ್ನು ಮೊದಲ ಪ್ರಶ್ನೆ ತಡೆಯಲಾರದು, ಎರಡನೆಯದು ತಡೆಯುತ್ತದೆ. ನನ್ನ ಮಟ್ಟಿಗೆ ಮಿತಿಯ ಪಾಠವನ್ನು ಆರಂಭಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಉತ್ತರಕ್ಕೆ ಬೇಕಾದದ್ದು ಆರನೇ ತರಗತಿಯ ಭಿನ್ನರಾಶಿ ಮಾತ್ರ. 1/3ರಿಂದ 1/4 ಕಳೆದರೆ ಉಳಿಯುವುದು 1/12. ಇದು 1/4ರ ಮೂರನೇ ಒಂದು ಭಾಗ. 1/12ರಿಂದ 1/16 ಕಳೆದರೆ ಉಳಿಯುವುದು 1/48, ಅಂದರೆ 1/16ರ ಮೂರನೇ ಒಂದು ಭಾಗ. ಅದರಿಂದ 1/64 ಕಳೆದರೆ 1/192, ಮತ್ತೆ 1/64ರ ಮೂರನೇ ಒಂದು ಭಾಗ. ಪ್ರತಿ ಸಲವೂ ಉಳಿಕೆಯು ಕೊನೆಯದಾಗಿ ಕೂಡಿಸಿದ ಪದದ ಮೂರನೇ ಒಂದು ಭಾಗವೇ. ಉಳಿಕೆ ಸದಾ ಧನ ಸಂಖ್ಯೆ, ಆದ್ದರಿಂದ ಮೊತ್ತ 1/3ನ್ನು ದಾಟದು: ಮೊದಲ ಪ್ರಶ್ನೆಗೆ ಉತ್ತರ. ಉಳಿಕೆ ಪ್ರತಿ ಸಲ ಕಾಲು ಭಾಗವಾಗುತ್ತದೆ, ಆದ್ದರಿಂದ ಯಾವ ತಕ್ಕಡಿ ಇಟ್ಟರೂ ಅದಕ್ಕಿಂತ ಕೆಳಗಿಳಿಯುತ್ತದೆ: ಎರಡನೆಯದಕ್ಕೆ ಉತ್ತರ. ಈ ಕಳೆಯುವ ಲೆಕ್ಕವನ್ನು ವಿದ್ಯಾರ್ಥಿ ತನ್ನ ಕೈಯಿಂದಲೇ ನಾಲ್ಕೈದು ಸಾಲು ಮಾಡಬೇಕು. ಸೂತ್ರ ಕೊಟ್ಟುಬಿಟ್ಟರೆ ಉಳಿಕೆ ಕಣ್ಣಿಗೆ ಬೀಳುವುದೇ ಇಲ್ಲ.

ಉಳಿಕೆಯನ್ನು ಮರೆತರೆ ಆಗುವ ಅನಾಹುತ ಒಂದನ್ನು ತೋರಿಸಬೇಕು. 0.999… ಎಂಬುದನ್ನು x ಎಂದಿಟ್ಟುಕೊಂಡು, 10x ನಿಂದ x ಕಳೆದು, 9x = 9, ಆದ್ದರಿಂದ x = 1 ಎಂದು ಒಂಬತ್ತನೇ ತರಗತಿಯಲ್ಲಿ ಮಾಡಿಸುವ ವಾಡಿಕೆಯಿದೆ. ಉತ್ತರ ಸರಿ, ಆದರೆ ಮಕ್ಕಳಿಗೆ ನಂಬಿಕೆ ಬರುವುದಿಲ್ಲ. ಆ ಅಪನಂಬಿಕೆ ನ್ಯಾಯವಾದದ್ದೇ. ಇದೇ ಕೈಚಳಕವನ್ನು 1 + 2 + 4 + 8 + … ಎಂಬುದರ ಮೇಲೆ ಮಾಡಿ ನೋಡಿ. ಮೊತ್ತ x ಎಂದಾದರೆ 2x = 2 + 4 + 8 + …, ಅಂದರೆ x − 1. ಹಾಗಾಗಿ x = −1! ಧನ ಸಂಖ್ಯೆಗಳನ್ನು ಕೂಡುತ್ತ ಹೋಗಿ ಋಣ ಸಂಖ್ಯೆ ಬಂತು. ತಪ್ಪಿರುವುದು ಕಳೆಯುವುದರಲ್ಲಲ್ಲ, x ಎಂಬ ಸಂಖ್ಯೆ ಇದೆ ಎಂದು ಮೊದಲೇ ಒಪ್ಪಿಕೊಂಡದ್ದರಲ್ಲಿ. 0.9, 0.99, 0.999 ಇವುಗಳಿಗೆ 1ರಿಂದ ಇರುವ ಅಂತರ 0.1, 0.01, 0.001. ಅದು ಯಾವ ತಕ್ಕಡಿಗಿಂತಲೂ ಕೆಳಗಿಳಿಯುತ್ತದೆ ಎಂದು ತೋರಿಸಿದ ಮೇಲೆ ಮಾತ್ರ ಮುಂದಿನ ಬೀಜಗಣಿತ ನಿಲ್ಲುತ್ತದೆ. '0.999… ಸ್ವಲ್ಪ ಕಡಿಮೆ' ಎನ್ನುವ ವಿದ್ಯಾರ್ಥಿಯನ್ನು 'ಎಷ್ಟು ಕಡಿಮೆ' ಎಂದು ಕೇಳಿದರೆ ಸಾಕು. ಆತ ಹೇಳುವ ಯಾವ ಧನ ಸಂಖ್ಯೆಯೂ ದೊಡ್ಡದಾಗಿಬಿಡುತ್ತದೆ.

ಈಗ ಕಲನಶಾಸ್ತ್ರದ ಬಾಗಿಲಿಗೆ ಬರೋಣ. ಎತ್ತರದಿಂದ ಬಿಟ್ಟ ಕಲ್ಲು t ಸೆಕೆಂಡಿನಲ್ಲಿ 4.9t² ಮೀಟರ್ ಬೀಳುತ್ತದೆ. ಎರಡನೇ ಸೆಕೆಂಡು ತುಂಬುವ ಆ ಕ್ಷಣದಲ್ಲಿ ವೇಗ ಎಷ್ಟು? ಶಾಲೆಯಲ್ಲಿ ಕಲಿತಂತೆ ವೇಗವೆಂದರೆ ದೂರವನ್ನು ಕಾಲದಿಂದ ಭಾಗಿಸುವುದು. ಕ್ಷಣದಲ್ಲಿ ದೂರವೂ ಸೊನ್ನೆ, ಕಾಲವೂ ಸೊನ್ನೆ. 0/0 ಎಂದು ಬರೆದು ಕೆಲವರು 0 ಎನ್ನುತ್ತಾರೆ, ಕೆಲವರು 1. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಎನ್ನುವವರೂ ಇದ್ದಾರೆ. ಅವರನ್ನು ಗದರಬೇಕಿಲ್ಲ, ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನೂ ಗಣಿತಸಾರಸಂಗ್ರಹದಲ್ಲಿ ಹಾಗೆಯೇ ಹೇಳಿದ್ದಾನೆ. ಹಂಚಿಕೊಳ್ಳಲು ಯಾರೂ ಇಲ್ಲದಿದ್ದರೆ ರಾಶಿ ಹಾಗೇ ಉಳಿಯುತ್ತದೆ ಎಂಬ ಎಣಿಕೆಯಿಂದ ನೋಡಿದರೆ ಆ ಉತ್ತರ ಸಹಜವಾಗಿಯೇ ಬರುತ್ತದೆ.

ಸೊನ್ನೆಯಿಂದ ಭಾಗಿಸದೆ ದಾಟುವ ದಾರಿ ಇದು. 2ರಿಂದ 2 + h ಸೆಕೆಂಡಿನವರೆಗಿನ ಸರಾಸರಿ ವೇಗ ತೆಗೆಯೋಣ, h ಸೊನ್ನೆಯಲ್ಲ. ಬಿದ್ದ ದೂರ 4.9(4 + 4h + h²) − 19.6, ಅಂದರೆ 19.6h + 4.9h². ಇದನ್ನು h ನಿಂದ ಭಾಗಿಸಿದರೆ

19.6 + 4.9h

ಇಲ್ಲಿ ಬಹುತೇಕ ಪಾಠಗಳು 'ಈಗ h = 0 ಹಾಕಿ' ಎಂದು ಮುಂದೆ ಹೋಗುತ್ತವೆ. ಜಾಣ ವಿದ್ಯಾರ್ಥಿ ಅಲ್ಲೇ ಮುಗ್ಗರಿಸುತ್ತಾನೆ: ಭಾಗಿಸುವಾಗ h ಸೊನ್ನೆಯಲ್ಲ ಎಂದಿರಿ, ಭಾಗಿಸಿದ ಮೇಲೆ ಸೊನ್ನೆ ಎನ್ನುತ್ತೀರಿ, ಇದು ಯಾವ ನ್ಯಾಯ? 1734ರಲ್ಲಿ ಬಿಷಪ್ ಬರ್ಕ್ಲಿ ನ್ಯೂಟನ್ನನ ಅನುಯಾಯಿಗಳಿಗೆ ಹಾಕಿದ್ದು ಇದೇ ಆಕ್ಷೇಪ. ಅದಕ್ಕೆ ಗಟ್ಟಿ ಉತ್ತರ ಕಟ್ಟಲು ಹತ್ತೊಂಬತ್ತನೇ ಶತಮಾನದ ಕೋಶಿ, ವೈಯರ್‌ಸ್ಟ್ರಾಸ್ ಬರಬೇಕಾಯಿತು. ಉತ್ತರದ ಸಾರ ನಮ್ಮ ಅಡಿಕೆ ರಾಶಿಯಲ್ಲೇ ಇದೆ. h ಅನ್ನು ನಾವು ಎಂದೂ ಸೊನ್ನೆ ಮಾಡುತ್ತಿಲ್ಲ. 4.9h ಎಂಬುದು 19.6ರಿಂದ ಇರುವ ಅಂತರ, ಅಂದರೆ ಶೇಷ. h = 0.1 ಆದಾಗ ಸರಾಸರಿ 20.09, h = 0.01 ಆದಾಗ 19.649, h = 0.001 ಆದಾಗ 19.6049. ಅಂತರ 0.01ಕ್ಕಿಂತ ಕಡಿಮೆ ಇರಬೇಕೆಂದು ಯಾರಾದರೂ ಕೇಳಿದರೆ h ಅನ್ನು 0.002 ತೆಗೆದುಕೊಳ್ಳಿ, ಅಂತರ 0.0098. ಅದಕ್ಕಿಂತ ಚಿಕ್ಕ h ಎಲ್ಲಕ್ಕೂ ಅಂತರ ಇನ್ನೂ ಕಡಿಮೆ. h ಋಣವಾದರೆ, ಅಂದರೆ 2ಕ್ಕಿಂತ ಸ್ವಲ್ಪ ಮುಂಚಿನಿಂದ ಅಳೆದರೆ, ಬೆಲೆ 19.6ರ ಕೆಳಗಿನಿಂದ ಬರುತ್ತದೆ. ಅಂತರದ ಗಾತ್ರ ಅಷ್ಟೇ. ಹೀಗೆ ಎಲ್ಲ ತಕ್ಕಡಿಗೂ ನಿಲ್ಲುವ ಸಂಖ್ಯೆ 19.6 ಒಂದೇ. 19.61 ಎಂದವರನ್ನು 0.005ರ ತಕ್ಕಡಿ ಹಿಡಿದುಹಾಕುತ್ತದೆ.

ಪಟ್ಟಿ ಬರೆಯುವುದು ಒಳ್ಳೆಯ ಅಭ್ಯಾಸ, ಆದರೆ ಪಟ್ಟಿಯೇ ಸಾಧನೆಯಲ್ಲ. ಅದು ಮೂರು ನಾಲ್ಕು h ಗಳ ಬಗ್ಗೆ ಹೇಳುತ್ತದೆ, 4.9h ಎಂಬ ಶೇಷ ಎಲ್ಲ h ಗಳ ಬಗ್ಗೆಯೂ ಹೇಳುತ್ತದೆ. ಆದ್ದರಿಂದ ಪ್ರತಿ ಲೆಕ್ಕದಲ್ಲೂ 'ಮಿತಿ + ಶೇಷ' ಎಂಬ ಸಾಲೊಂದನ್ನು ಕಡ್ಡಾಯವಾಗಿ ಬರೆಸುವುದು ಲೇಸು. ಹಾಗೆ ಬರೆದವರಿಗೆ ಎರಡನೇ ಪಿಯುಸಿಯ ಅವಿಚ್ಛಿನ್ನತೆ ಹೊಸ ಪಾಠವೆನಿಸುವುದಿಲ್ಲ.

ಈ ವಿಧಾನಕ್ಕೂ ಒಂದು ಎಲ್ಲೆಯಿದೆ. ಶೇಷವು ಬೀಜಗಣಿತದಿಂದ ಬಿಡಿಸಿ ಹೊರಬರುವುದು ಎಲ್ಲ ಕಡೆ ಸಾಧ್ಯವಿಲ್ಲ. sin x / x ನಲ್ಲಿ ಅಳಿಸಿಹಾಕಲು x ಸಿಗುವುದಿಲ್ಲ. ಅಲ್ಲಿ ಶೇಷವನ್ನು ಬರೆಯುವ ಬದಲು ಅದನ್ನು ಬೋನಿಗೆ ಹಾಕಬೇಕು: ಸೊನ್ನೆಯ ಹತ್ತಿರ, x ಸೊನ್ನೆಯಲ್ಲದಾಗ, ಈ ಅನುಪಾತ cos x ಮತ್ತು 1ರ ನಡುವೆ ಇರುತ್ತದೆ. cos x ಗೆ 1ರಿಂದ ಇರುವ ಅಂತರ x²/2 ಅನ್ನು ಮೀರದು. x = 0.1 ಆದರೆ ಅನುಪಾತ 0.99833, 1ರಿಂದ ಅಂತರ ಸುಮಾರು 0.0017, ಬೋನಿನ ಅಳತೆ 0.005. ಇದೇ ಲೆಕ್ಕವನ್ನು ಕ್ಯಾಲ್ಕುಲೇಟರ್‌ನಲ್ಲಿ ಮಾಡಿದ ವಿದ್ಯಾರ್ಥಿಗೆ ಕೆಲವೊಮ್ಮೆ 0.01745 ಬರುತ್ತದೆ. x ಅನ್ನು ಎಷ್ಟು ಚಿಕ್ಕದು ಮಾಡಿದರೂ ಅಲ್ಲಿಂದ ಕದಲುವುದಿಲ್ಲ, 1ರಿಂದ ಇರುವ ಅಂತರ 0.98ರ ಕೆಳಗೆ ಇಳಿಯುವುದೇ ಇಲ್ಲ. ಹಾಗಾದರೆ ಯಂತ್ರ ಡಿಗ್ರಿಯಲ್ಲಿದೆ ಎಂದು ತಿಳಿಯಬೇಕು. ಬಂದ ಸಂಖ್ಯೆ π/180, ಒಂದು ಡಿಗ್ರಿಗೆ ಇಷ್ಟು ರೇಡಿಯನ್ ಎಂಬ ಲೆಕ್ಕ.