ಅತಿಥಿ ಸಲಹಾ ಸಂದೇಶ: ಚಂಡಮಾರುತ ಮತ್ತು ನೆರೆ (ಮಾಕಳಿ)

ಚಂಡಮಾರುತ ಅಥವಾ ನೆರೆಯ ಮುನ್ಸೂಚನೆ ಬಂದಾಗ ಹೋಟೆಲು, ಲಾಡ್ಜು, ಅತಿಥಿಗೃಹಗಳು ತಂಗಿರುವವರಿಗೆ ಕಳುಹಿಸುವ ಸೂಚನೆಯೇ ಅತಿಥಿ ಸಲಹಾ ಸಂದೇಶ. ಇನ್ನೊಂದು ದಿನ ಉಳಿಯಬೇಕಾದರೆ ಏನು ಮಾಡಬೇಕು, ಹೊರಡುವುದಾದರೆ ಯಾವ ದಾರಿ ಹಿಡಿಯಬೇಕು ಎಂಬ ಎರಡು ಪ್ರಶ್ನೆಗಳಿಗೆ ಅದು ಉತ್ತರ ಕೊಡಬೇಕು.

ಬೆಂಗಳೂರು–ತುಮಕೂರು ಹೆದ್ದಾರಿಯಲ್ಲಿ ನೆಲಮಂಗಲದ ಈಚೆಗಿರುವ ಮಾಕಳಿಯ ಸುತ್ತ ತಂಗುವವರಲ್ಲಿ ಮಾದಾವರದ ವಸ್ತುಪ್ರದರ್ಶನ ಕೇಂದ್ರಕ್ಕೂ ಪೀಣ್ಯದ ಕಾರ್ಖಾನೆಗಳಿಗೂ ಬಂದವರು ಹೆಚ್ಚು. ಸಮುದ್ರ ಇಲ್ಲಿಂದ ನೂರಾರು ಕಿಲೋಮೀಟರ್ ದೂರ. ಹಾಗಾಗಿ ಚಂಡಮಾರುತ ಇಲ್ಲಿಗೆ ಬಿರುಗಾಳಿಯಾಗಿ ಬರುವುದು ಅಪರೂಪ. ಮೊದಲು ಬರುವುದು ರದ್ದಾದ ವಿಮಾನದ ಸುದ್ದಿ, ಆಮೇಲೆ ಜಡಿಮಳೆ.

2024ರ ಫೆಂಗಲ್ ಇದಕ್ಕೆ ಒಳ್ಳೆಯ ಉದಾಹರಣೆ. ಅದು ನವೆಂಬರ್ 30ರ ರಾತ್ರಿ ಪುದುಚೇರಿ ಬಳಿ ತೀರ ದಾಟಿತು. ಚೆನ್ನೈ ವಿಮಾನ ನಿಲ್ದಾಣ ಅಂದು ಮಧ್ಯಾಹ್ನವೇ ಮುಚ್ಚಿ, ಮರುದಿನ ಬೆಳಗಿನ ಜಾವ ತೆರೆಯಿತು. ದುರ್ಬಲಗೊಂಡ ಚಂಡಮಾರುತ ಪಶ್ಚಿಮಕ್ಕೆ ಸರಿದು ದಕ್ಷಿಣ ಒಳನಾಡಿಗೆ ಮಳೆ ತಂದದ್ದು ಡಿಸೆಂಬರ್ ಮೊದಲ ದಿನಗಳಲ್ಲಿ. ಅಂದರೆ ಮಾಕಳಿಯಲ್ಲಿದ್ದ ಚೆನ್ನೈ ಪ್ರಯಾಣಿಕ ಇಲ್ಲಿ ಮಳೆ ಜೋರಾಗುವ ಮೊದಲೇ ಸಿಕ್ಕಿಬಿದ್ದಿದ್ದ. 'ಭಾರೀ ಮಳೆ ಸಾಧ್ಯತೆ, ಎಚ್ಚರದಿಂದಿರಿ' ಎಂಬ ಸಂದೇಶ ಅವನಿಗೆ ಯಾವ ಕೆಲಸಕ್ಕೂ ಬಾರದು. ಅಂದು ಸಂಜೆಗೆ ಹೊಂದುವ ಮಾದರಿ ಹೀಗಿರಬಹುದಿತ್ತು:

'ನ. 30, ಸಂಜೆ 7. ಫೆಂಗಲ್ ಕಾರಣ ಚೆನ್ನೈ ವಿಮಾನ ನಿಲ್ದಾಣ ನಾಳೆ ಬೆಳಗಿನ ಜಾವ 4ರವರೆಗೆ ಬಂದ್. ಚೆನ್ನೈಗೆ ಹೊರಡುವವರು ರೂಮು ಖಾಲಿ ಮಾಡುವ ಮೊದಲು ವಿಮಾನ ಹೊರಡುವುದು ಖಚಿತವೇ ಎಂದು ನೋಡಿಕೊಳ್ಳಿ. ಉಳಿಯುವುದಾದರೆ ಬೆಳಿಗ್ಗೆ 9ರೊಳಗೆ ರಿಸೆಪ್ಶನ್‌ಗೆ ತಿಳಿಸಿ, ದರ ಇಂದಿನದೇ. ಮುಂದಿನ ಸಂದೇಶ ನಾಳೆ 7ಕ್ಕೆ.'

ಇದರಲ್ಲಿ ಮುಖ್ಯವಾದವು ಹೊತ್ತು, ಗಡುವು ಮತ್ತು ದರ. ಹೊತ್ತು ನಮೂದಿಸದ ಸಂದೇಶ ಮರುದಿನವೂ ಗುಂಪಿನಿಂದ ಗುಂಪಿಗೆ ಹರಿದಾಡುತ್ತದೆ. 9 ಗಂಟೆಯ ಗಡುವು ಹೋಟೆಲಿನ ಅನುಕೂಲಕ್ಕೆ: ಅಂದು ಬರಬೇಕಾದವರ ಪೈಕಿ ಎಷ್ಟು ಜನ ಬರುವುದಿಲ್ಲ ಎಂದು ಲೆಕ್ಕ ಹಾಕಿದ ಮೇಲೆಯೇ ಖಾಲಿ ರೂಮಿನ ಮಾತು ಕೊಡಲು ಸಾಧ್ಯ. ದರವನ್ನು ಬರೆದೇ ಕೊಡುವುದು ಒಳ್ಳೆಯದು. 2022ರ ಸೆಪ್ಟೆಂಬರ್ ಮೊದಲ ವಾರದ ನೆರೆಯಲ್ಲಿ ಯಮಲೂರು, ಬೆಳ್ಳಂದೂರು, ಹೊರವರ್ತುಲ ರಸ್ತೆ ಜಲಾವೃತವಾಗಿ, ಮನೆ ಬಿಟ್ಟ ಕುಟುಂಬಗಳು ಹೋಟೆಲುಗಳಿಗೆ ನುಗ್ಗಿದಾಗ ಕೆಲವೆಡೆ ಒಂದು ರಾತ್ರಿಗೆ 30–40 ಸಾವಿರ ರೂಪಾಯಿ ಕೇಳಿದ್ದು ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಬಾಡಿಗೆ ದಿನಕ್ಕೆ 7,500 ರೂ. ದಾಟಿದರೆ ಜಿಎಸ್‌ಟಿಯೂ ಶೇ 18ಕ್ಕೆ ಏರುತ್ತದೆ (2025ರ ಸೆಪ್ಟೆಂಬರ್ 22ರಿಂದ ಅದಕ್ಕಿಂತ ಕೆಳಗಿನ ರೂಮಿಗೆ ಶೇ 5). ಉಳಿಕೆ ಮುಂದುವರಿಸಿದವನು ಬಿಲ್ಲು ನೋಡಿ ಜಗಳಕ್ಕೆ ನಿಲ್ಲುವುದು ಹೆಚ್ಚಾಗಿ ಇಲ್ಲೇ.

ಸಂದೇಶದ ಉದ್ದಕ್ಕೂ ಮಿತಿಯಿದೆ. ಇಂಗ್ಲಿಷ್ ಅಕ್ಷರದ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿದರೆ, ಕನ್ನಡದ್ದಕ್ಕೆ ಹಿಡಿಯುವುದು 70 ಸಂಕೇತ ಮಾತ್ರ; ಒತ್ತು, ಗುಣಿತಗಳೂ ಅದರಲ್ಲಿ ಸೇರುತ್ತವೆ. ಮೇಲಿನ ಮಾದರಿ ಒಂದು ಎಸ್‌ಎಂಎಸ್‌ನಲ್ಲಿ ಹಿಡಿಯದು. ಜೊತೆಗೆ, ಟ್ರಾಯ್ ನಿಯಮದಂತೆ ವ್ಯಾಪಾರಿ ಸಂಸ್ಥೆ ಕಳುಹಿಸುವ ಎಸ್‌ಎಂಎಸ್‌ನ ಪಠ್ಯವನ್ನು ಮುಂಚೆಯೇ ನೋಂದಾಯಿಸಿರಬೇಕು. ಹೊತ್ತು, ಹೆಸರುಗಳಿಗೆ ಮಾತ್ರ ಖಾಲಿ ಜಾಗ ಬಿಡಬಹುದು. ಮಳೆ ಶುರುವಾದ ಮೇಲೆ ಕುಳಿತು ಬರೆದದ್ದು ಹೋಗುವುದೇ ಇಲ್ಲ. ಹಳೆಯ ಉಪಾಯವೇ ವಾಸಿ: ಚೀಟಿ ಬರೆದು ಬಾಗಿಲ ಸಂದಿಯಿಂದ ತಳ್ಳುವುದು.

ಸಂಚಾರದ ಭಾಗದಲ್ಲಿ ಹೆಸರು ಹಿಡಿದು ಹೇಳಿದಷ್ಟೂ ಉಪಯೋಗ. ಹಸಿರು ಮಾರ್ಗದ ಮೆಟ್ರೊ 2024ರ ನವೆಂಬರ್ 7ರಿಂದ ಮಾದಾವರದವರೆಗೆ ಬರುತ್ತದೆ, ಅಲ್ಲಿಂದ ನೇರ ಮೆಜೆಸ್ಟಿಕ್. ತುಮಕೂರು ರಸ್ತೆಯಲ್ಲಿ ನೀರು ನಿಂತು ವಾಹನ ಕದಲದಿದ್ದರೂ ಎತ್ತರದ ಹಳಿ ಮೇಲೆ ಹೋಗಬಹುದು. ಇದೂ ಖಾತರಿಯಲ್ಲ: 2024ರ ಜೂನ್ 2ರ ಮಳೆಯಲ್ಲಿ ಎಂ.ಜಿ. ರಸ್ತೆ–ಟ್ರಿನಿಟಿ ನಡುವೆ ಮರ ಉರುಳಿ ನೇರಳೆ ಮಾರ್ಗ ನಿಂತುಹೋಗಿತ್ತು. ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ನಗರದೊಳಗಿಂದ ಹೋದರೆ ಹೆಬ್ಬಾಳ ದಾಟಬೇಕು. ನೆಲಮಂಗಲ, ದೊಡ್ಡಬಳ್ಳಾಪುರದ ಮೇಲೆ ಹೋದರೆ ಆ ಸಿಕ್ಕು ತಪ್ಪುತ್ತದೆ. ಸಂದೇಶ ಎರಡೂ ದಾರಿಯನ್ನು ಹೇಳಿ, ಆ ಹೊತ್ತಿಗೆ ಯಾವುದು ತೆರೆದಿದೆ ಎಂದು ಟ್ಯಾಕ್ಸಿ ಚಾಲಕರನ್ನು ಕೇಳಿ ತಿಳಿಸಬೇಕು.

ಯಾವ ಸಂದೇಶದಲ್ಲೂ ಬಿಡಬಾರದ ಸಾಲು ಅಂಡರ್‌ಪಾಸ್ ಕುರಿತದ್ದು. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವ ಐಟಿ ಉದ್ಯೋಗಿಯೊಬ್ಬರು ತೀರಿಕೊಂಡರು. ರಸ್ತೆ ವಿಭಜಕದ ಬಣ್ಣದ ಪಟ್ಟಿ ನೀರಿನಲ್ಲಿ ಮರೆಯಾಗಿದ್ದರೆ ಇಳಿಯಬಾರದು. ಹರಿಯುವ ನೀರು ಅರ್ಧ ಅಡಿ ಇದ್ದರೂ ನಡೆಯುವವರನ್ನು ಬೀಳಿಸಬಲ್ಲದು, ಒಂದು ಅಡಿ ನೀರು ಸಣ್ಣ ಕಾರನ್ನು ತೇಲಿಸಬಲ್ಲದು. ಮಾಹಿತಿಯ ಮೂಲ ಹವಾಮಾನ ಇಲಾಖೆ ಅಥವಾ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರಬೇಕು. ಆರೆಂಜ್ ಅಲರ್ಟ್ ಎಂದರೆ ಸಾಮಾನ್ಯವಾಗಿ 24 ಗಂಟೆಯಲ್ಲಿ 115.6ರಿಂದ 204.4 ಮಿ.ಮೀ. ಮಳೆಯ ನಿರೀಕ್ಷೆ, ಆದರೆ ಅದು ಇಡೀ ಜಿಲ್ಲೆಯ ಮಾತು, ಮಾಕಳಿಯ ಬೀದಿಯದ್ದಲ್ಲ. ತುರ್ತಿಗೆ 112.

ಎಚ್ಚರಿಕೆ ಹಿಂತೆಗೆದಾಗ ಕಳುಹಿಸುವ ಕೊನೆಯ ಸಂದೇಶವನ್ನು ಬಹುತೇಕರು ಮರೆಯುತ್ತಾರೆ. ಅದು ಹೋಗದಿದ್ದರೆ ಹಳೆಯ ದರದಲ್ಲೇ ಇನ್ನೊಂದು ದಿನ ಸಿಗುತ್ತದೆಂದು ಅತಿಥಿ ನಂಬಿರುತ್ತಾನೆ, ಹೋಟೆಲಿನವರು ಆ ರೂಮನ್ನು ಬೇರೆಯವರಿಗೆ ಕೊಟ್ಟಿರುತ್ತಾರೆ.